ಆಂಟಿಬಯೋಟಿಕ್ ಜೊತೆ ಬರುವ ಪುಡಿ: ಹಾಲು ಮೊಸರಾಗದಿದ್ದರೆ ಅದು ಸತ್ತಿದೆಯೇ?

"ನಾಲ್ಕು ವರ್ಷದ ಮಗಳಿಗೆ ಕಿವಿ ಸೋಂಕು. ಡಾಕ್ಟರು ಆಂಟಿಬಯೋಟಿಕ್ ಜೊತೆ ಲ್ಯಾಕ್ಟೋಬ್ಯಾಸಿಲಸ್ ಪುಡಿಯನ್ನೂ ಬರೆದಿದ್ದಾರೆ. ಒಂದು ಪ್ಯಾಕೆಟನ್ನು ಹಾಲಿಗೆ ಹಾಕಿ ರಾತ್ರಿಯಿಡೀ ಇಟ್ಟೆ, ಮೊಸರಾಗಲೇ ಇಲ್ಲ. ಇದು ಸತ್ತ ಪುಡಿಯಾ? ಕರುಳಲ್ಲಿ ಇದು ಮಾಡುವುದಾದರೂ ಏನು? ಮನೆ ಮೊಸರು ಸಾಲದಾ?"

ಹಾಲು ಮೊಸರಾಗಲಿಲ್ಲ ಎಂಬ ಒಂದೇ ಕಾರಣಕ್ಕೆ ಪುಡಿಯನ್ನು ಎಸೆಯಬೇಡಿ. ನಾನು ಬದಿಯಡ್ಕದ ಹತ್ತಿರ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಹೋದ ಮಳೆಗಾಲದಲ್ಲಿ ಪಕ್ಕದ ಮನೆಯ ಅಕ್ಕನೂ ಇದೇ ಪರೀಕ್ಷೆ ಮಾಡಿ, ಉಳಿದ ಪ್ಯಾಕೆಟುಗಳನ್ನು ನನ್ನ ಕೈಗೆ ಕೊಟ್ಟು "ಇದು ಡೂಪ್ಲಿಕೇಟ್ ಮದ್ದು, ನೋಡು" ಎಂದಿದ್ದರು.

ಪ್ಯಾಕೆಟಿನ ಮೇಲೆ ರ‍್ಯಾಮ್ನೋಸಸ್ ಜಿಜಿ ಎಂದು ಇತ್ತು. ಎಲ್‌ಜಿಜಿ ಎಂದು ಕರೆಯುವುದು ಇದನ್ನೇ. 1980ರ ದಶಕದಲ್ಲಿ ಅಮೆರಿಕದ ಗೋರ್ಬಾಕ್ ಮತ್ತು ಗೋಲ್ಡಿನ್ ಇದನ್ನು ಆರೋಗ್ಯವಂತ ಮನುಷ್ಯನ ಕರುಳಿನಿಂದ ಬೇರ್ಪಡಿಸಿದರು. ಹೆಸರಿನ ಎರಡು 'ಜಿ' ಅವರವೇ. ಈ ತಳಿಗೆ ಹಾಲಿನ ಸಕ್ಕರೆ, ಅಂದರೆ ಲ್ಯಾಕ್ಟೋಸ್, ತಿನ್ನಲು ಬರುವುದಿಲ್ಲ. ಅದಕ್ಕೆ ಬೇಕಾದ ಜೀನುಗಳು ಇದರಲ್ಲಿ ಕೆಟ್ಟಿವೆ. ತಿನ್ನದಿದ್ದರೆ ಹುಳಿಯಾಗುವುದು ಹೇಗೆ? ಬದುಕಿರುವ ಎಲ್‌ಜಿಜಿ ಹಾಕಿದರೂ ಹಾಲು ಹಾಗೇ ಇರುತ್ತದೆ.

ಅಕ್ಕನ ಪ್ಯಾಕೆಟಿನ ಮೇಲೆ 500 ಕೋಟಿ ಜೀವಂತ ಬ್ಯಾಕ್ಟೀರಿಯಾ ಎಂದು ಬರೆದಿತ್ತು. ಒಂದನ್ನು 10 ಮಿಲಿ ಉಪ್ಪುನೀರಿನಲ್ಲಿ ಕದಡಿದೆ. ಅದನ್ನು ಆರು ಸಲ, ಪ್ರತಿ ಸಲ ಹತ್ತು ಪಾಲು ತೆಳುಮಾಡಿ, ಕೊನೆಯದರಿಂದ 0.1 ಮಿಲಿ ತೆಗೆದು ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆಗೆ ಸವರಿದೆ. ಒಂದೊಂದು ಜೀವಂತ ಬ್ಯಾಕ್ಟೀರಿಯಾ ಅಲ್ಲಿ ಒಂದೊಂದು ಚುಕ್ಕೆಯಾಗಿ ಬೆಳೆಯುತ್ತದೆ. ಬರೆದದ್ದು ನಿಜವಾದರೆ ಸುಮಾರು 50 ಚುಕ್ಕೆ ಬೆಳೆಯಬೇಕು. 37 ಡಿಗ್ರಿಯಲ್ಲಿ ಎರಡು ದಿನ ಇಟ್ಟಾಗ ಕೆನೆ ಬಣ್ಣದ 43 ಚುಕ್ಕೆ ಬಂದವು. ಅಂದರೆ ಪ್ಯಾಕೆಟಿನಲ್ಲಿ ಸುಮಾರು 430 ಕೋಟಿ ಜೀವಂತ. ಆಮೇಲೆ ಅಕ್ಕ ಮಗುವಿಗೆ ಕೊಡುತ್ತಿದ್ದ ರೀತಿಯಲ್ಲೇ ಇನ್ನೊಂದು ಪ್ಯಾಕೆಟನ್ನು ಹಬೆಯಾಡುವ ಗಂಜಿ ತಿಳಿಯಲ್ಲಿ ಕಲಸಿ, ಅದನ್ನೂ ಹಾಗೇ ಬೆಳೆಸಿದೆ. ತಟ್ಟೆಯಲ್ಲಿ ಒಂದೂ ಚುಕ್ಕೆ ಇಲ್ಲ. ಪುಡಿ ಚೆನ್ನಾಗಿಯೇ ಇತ್ತು, ಬಿಸಿ ಗಂಜಿಯಲ್ಲಿ ಸತ್ತಿತ್ತು.

ಇನ್ನು ಕರುಳಿನ ವಿಷಯ. ಆಂಟಿಬಯೋಟಿಕ್ ಕಿವಿಯ ಸೋಂಕಿನ ಜೊತೆಗೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಅವು ಕೂತಿದ್ದ ಜಾಗ ಖಾಲಿ, ಅವು ತಿನ್ನುತ್ತಿದ್ದ ಆಹಾರವೂ ಬಾಕಿ. ಕೇಡು ಮಾಡುವ ಬ್ಯಾಕ್ಟೀರಿಯಾಗಳಿಗೆ ಇದೇ ಸಮಯ.

ಕರುಳಿನ ಗೋಡೆಯ ಮೇಲೆ ಲೋಳೆಯ ಪದರ ಇರುತ್ತದೆ. ಅಲ್ಲಿ ಹಿಡಿದು ನಿಲ್ಲದವರನ್ನು ಆಹಾರದ ಹರಿವು ಹೊರಗೆ ತಳ್ಳುತ್ತದೆ. ಎಲ್‌ಜಿಜಿಯ ಮೈತುಂಬ ಉದ್ದನೆಯ ಪ್ರೋಟೀನ್ ಎಳೆಗಳಿವೆ. ನಮ್ಮಲ್ಲಿ ಅಡಿಕೆ ಗೊನೆ ಎಳೆಯುವ ದೋಟಿ ಇದೆಯಲ್ಲ, ಹಾಗೆ ದೂರದಿಂದಲೇ ಲೋಳೆಗೆ ಕೊಕ್ಕೆ ಹಾಕುತ್ತವೆ. 2009ರಲ್ಲಿ ಫಿನ್ಲೆಂಡಿನ ವಿಜ್ಞಾನಿಗಳು ಈ ಎಳೆಗಳನ್ನು ಗುರುತಿಸಿದರು. ಎಳೆಯಲ್ಲಿರುವ ಸ್ಪಾಸಿ ಎಂಬ ಪ್ರೋಟೀನಿನ ಜೀನನ್ನು ಕೆಡಿಸಿದಾಗ ಬ್ಯಾಕ್ಟೀರಿಯಾ ಲೋಳೆಗೆ ಅಂಟುವುದು ಬಹಳ ಕಡಿಮೆಯಾಯಿತು. ಆಸ್ಪತ್ರೆಗಳಲ್ಲಿ ತೊಂದರೆ ಕೊಡುವ ಎಂಟೆರೋಕಾಕಸ್ ಫೇಸಿಯಮ್‌ಗೂ ಇಂಥದ್ದೇ ಎಳೆಗಳಿವೆ. ಇಬ್ಬರಿಗೂ ಬೇಕಾದದ್ದು ಒಂದೇ ಜಾಗ. ಮೊದಲು ಹಿಡಿದವರಿಗೆ ಸಿಕ್ಕಿತು.

ಎರಡನೆಯ ಉಪಾಯ ಹುಳಿ. ಹಾಲಿನ ಸಕ್ಕರೆ ತಿನ್ನಲು ಬಾರದಿದ್ದರೂ ಬೇರೆ ಸಕ್ಕರೆಗಳನ್ನು ತಿಂದು ಇದು ಹುಳಿ ಮಾಡುತ್ತದೆ. ಎಂಎಸ್ಸಿ ಓದುವಾಗ ಇದನ್ನು ಕಣ್ಣಾರೆ ನೋಡಿದ್ದೇನೆ. ಇ. ಕೊಲೈ ಸವರಿದ ತಟ್ಟೆಯಲ್ಲಿ ಸಣ್ಣ ಗುಳಿ ಮಾಡಿ, ಲ್ಯಾಕ್ಟೋಬ್ಯಾಸಿಲಸ್ ಬೆಳೆಸಿ ಸೋಸಿದ ನೀರನ್ನು ತುಂಬಿದೆವು. ಮರುದಿನ ಗುಳಿಯ ಸುತ್ತ ಏನೂ ಬೆಳೆಯದ ಬೋಳು ವೃತ್ತ. ಅದೇ ನೀರಿಗೆ ಕ್ಷಾರ ಸೇರಿಸಿ ಹುಳಿ ಕಳೆದು ಹಾಕಿದರೆ ವೃತ್ತವೇ ಇಲ್ಲ. ಕೊಲ್ಲುತ್ತಿದ್ದದ್ದು ಲ್ಯಾಕ್ಟಿಕ್ ಆಮ್ಲ ಅಂತ ಹಾಗೆ ಗೊತ್ತಾಯಿತು. ಅದು ಇ. ಕೊಲೈಯಂಥವುಗಳ ಹೊರಪೊರೆಯನ್ನು ಸಡಿಲ ಮಾಡಿ ಒಳಗೆ ನುಗ್ಗುತ್ತದೆ. ಆದರೆ ತಟ್ಟೆಯಲ್ಲಿ ಕಂಡದ್ದೆಲ್ಲ ಹೊಟ್ಟೆಯಲ್ಲಿ ನಡೆಯುವುದಿಲ್ಲ. ಕರುಳು ತಾನೇ ಕ್ಷಾರ ಸುರಿಸುತ್ತದೆ. ಹುಳಿಯ ಪ್ರಭಾವ ಬ್ಯಾಕ್ಟೀರಿಯಾ ಅಂಟಿಕೊಂಡ ಆ ಚೂರು ಜಾಗದಲ್ಲಿ ಮಾತ್ರ ಜಾಸ್ತಿ. ಅದಕ್ಕೇ ಅಂಟಿಕೊಳ್ಳುವುದು ಮುಖ್ಯ ಎನ್ನುತ್ತೇನೆ.

ನನಗೆ ಎಲ್ಲಕ್ಕಿಂತ ಇಷ್ಟದ ಭಾಗ ಮೂರನೆಯದು. ಎಲ್‌ಜಿಜಿ ಹೊರಬಿಡುವ ಪಿ40 ಎಂಬ ಪ್ರೋಟೀನ್ ಕರುಳಿನ ಗೋಡೆಯ ಜೀವಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ. ಅದು ನೇರವಾಗಿ ಬಾಗಿಲು ತಟ್ಟುವುದಿಲ್ಲ. ಜೀವಕೋಶದ ಮೇಲೆ ಕಟ್ಟಿಟ್ಟಂತಿರುವ, ಜೀವಕೋಶದ್ದೇ ಆದ ಒಂದು ಬೆಳವಣಿಗೆಯ ಅಂಶವನ್ನು ಬಿಡಿಸುತ್ತದೆ. ಅದು ಪಕ್ಕದಲ್ಲೇ ಇರುವ ಇಜಿಎಫ್ ಗ್ರಾಹಕಕ್ಕೆ ಕೂಡಿಕೊಂಡಾಗ ಒಳಗೆ "ಸಾಯಬೇಡ, ಗಟ್ಟಿಯಾಗಿರು" ಎಂಬ ಸಂಕೇತ ಹೊರಡುತ್ತದೆ. ಉರಿಯೂತ ಇದ್ದಾಗ ಟಿಎನ್ಎಫ್ ಎಂಬ ವಸ್ತು ಇದೇ ಜೀವಕೋಶಗಳನ್ನು ಸಾವಿಗೆ ತಳ್ಳುತ್ತಿರುತ್ತದೆ. ಪಿ40 ಅದನ್ನು ತಡೆಯುತ್ತದೆ, ಜೀವಕೋಶಗಳ ನಡುವಿನ ಸಂದು ಬಿಟ್ಟುಕೊಳ್ಳುವುದೂ ಕಡಿಮೆಯಾಗುತ್ತದೆ. ಇದೇ ಸಂಕೇತದಿಂದ ಗೋಡೆಯ ಜೀವಕೋಶ ಏಪ್ರಿಲ್ ಎಂಬ ಪ್ರೋಟೀನನ್ನು ಜಾಸ್ತಿ ಮಾಡುತ್ತದೆ. (ತಿಂಗಳಿಗೂ ಇದಕ್ಕೂ ಸಂಬಂಧ ಇಲ್ಲ.) ಅದು ಗೋಡೆಯ ಹಿಂದಿರುವ, ರೋಗದಿಂದ ಕಾಯುವ ಬಿ ಜೀವಕೋಶಗಳಿಗೆ ಐಜಿಎ ಪ್ರತಿಕಾಯ ತಯಾರಿಸಲು ಹೇಳುತ್ತದೆ. ಐಜಿಎ ಲೋಳೆಗೆ ಬಂದು ಕೇಡಿನ ಬ್ಯಾಕ್ಟೀರಿಯಾಗಳನ್ನು ಸುತ್ತಿ, ಗೋಡೆ ಮುಟ್ಟದಂತೆ ಹಿಡಿಯುತ್ತದೆ. ಊತವಿಲ್ಲ, ಗಲಾಟೆಯಿಲ್ಲ. ಆದರೆ ಪಿ40 ಬಗ್ಗೆ ನಾನು ಹೇಳಿದ್ದು ಹೆಚ್ಚಾಗಿ ಜೀವಕೋಶಗಳಲ್ಲಿ ಮತ್ತು ಇಲಿಗಳಲ್ಲಿ ಕಂಡದ್ದು.

ಮಕ್ಕಳಲ್ಲಿ ಫಲಿತಾಂಶ ಎಲ್ಲ ಕಡೆ ಒಂದೇ ಅಲ್ಲ. ಆಂಟಿಬಯೋಟಿಕ್‌ನಿಂದ ಬರುವ ಭೇದಿಯನ್ನು ತಡೆಯಲು ಎಲ್‌ಜಿಜಿ ಕೊಡಬಹುದು ಎಂದು ಯುರೋಪಿನ ಮಕ್ಕಳ ಹೊಟ್ಟೆ ತಜ್ಞರ ಸಂಘ ಹೇಳುತ್ತದೆ. ದಿನಕ್ಕೆ 500 ಕೋಟಿ ಅಥವಾ ಹೆಚ್ಚು, ಆಂಟಿಬಯೋಟಿಕ್ ಶುರುವಾದ ದಿನದಿಂದಲೇ. ಆದರೆ ಆಗಲೇ ವಾಂತಿ ಭೇದಿಯಾಗಿ ಆಸ್ಪತ್ರೆಗೆ ಬಂದ 971 ಮಕ್ಕಳ ಮೇಲೆ ಅಮೆರಿಕದಲ್ಲಿ ನಡೆದ ಪರೀಕ್ಷೆಯಲ್ಲಿ ಇದರಿಂದ ಏನೂ ಪ್ರಯೋಜನ ಕಾಣಲಿಲ್ಲ. ಆ ವರದಿ ಬಂದದ್ದು 2018ರಲ್ಲಿ. ಜಾಗ ಖಾಲಿಯಾಗುವ ಹೊತ್ತಿಗೆ ಹೋಗಿ ಕೂರುವುದು ಬೇರೆ, ಶತ್ರು ಕೂತ ಮೇಲೆ ಎಬ್ಬಿಸುವುದು ಬೇರೆ ಎಂದು ನನಗನಿಸುತ್ತದೆ.

ಮೊಸರು ಒಳ್ಳೆಯದೇ, ಮಗುವಿಗೆ ಸೇರಿದರೆ ಕೊಡಿ. ಆದರೆ ಮನೆಯ ಹೆಪ್ಪಿನಲ್ಲಿ ಯಾವ ತಳಿ ಎಷ್ಟಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಅವು ಹಾಲಿನಲ್ಲಿ ಬೆಳೆದು ಪಳಗಿದವು. ಪಿತ್ತರಸ ದಾಟಿ ಕರುಳಲ್ಲಿ ಕೊಕ್ಕೆ ಹಾಕುತ್ತವೆ ಎಂದು ನಂಬಿಕೊಳ್ಳಲು ಆಗುವುದಿಲ್ಲ.

ಪ್ಯಾಕೆಟಿನ ಮೇಲಿನ ಪೂರ್ತಿ ಹೆಸರು ಓದಿ. ಲ್ಯಾಕ್ಟೋಬ್ಯಾಸಿಲಸ್ ಸ್ಪೋರೋಜೀನ್ಸ್ ಎಂದಿದ್ದರೆ ಅದು ನಿಜವಾಗಿ ಬ್ಯಾಸಿಲಸ್ ಕೊಯಾಗ್ಯುಲನ್ಸ್, ಬೇರೆಯೇ ಜೀವಿ. ನಾನು ಮೇಲೆ ಬರೆದದ್ದು ಅದಕ್ಕೆ ಹೊಂದುವುದಿಲ್ಲ. ಎಲ್‌ಜಿಜಿ ಆಗಿದ್ದರೆ ಆರಿದ ನೀರು ಅಥವಾ ತಣ್ಣಗಿನ ಗಂಜಿ ತಿಳಿಯಲ್ಲಿ ಕಲಸಿ, ಆಂಟಿಬಯೋಟಿಕ್ ಕೊಟ್ಟು ಎರಡು ಗಂಟೆ ಬಿಟ್ಟು ಕೊಡಿ. ಅಮಾಕ್ಸಿಸಿಲಿನ್ ಇದನ್ನೂ ಕೊಲ್ಲುತ್ತದೆ. ನಿಲ್ಲಿಸಿದ ಮೇಲೆ ಒಂದೆರಡು ವಾರದಲ್ಲಿ ಇದು ಹೆಚ್ಚಿನವರ ಕರುಳಿನಿಂದ ಹೊರಟು ಹೋಗುತ್ತದೆ, ಹಾಗಾಗಿ ಸುಮ್ನೆ ತಿಂಗಳುಗಟ್ಟಲೆ ಕೊಡುವುದು ಬೇಡ. ಮಗುವಿಗೆ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದರೆ ಅಥವಾ ದೊಡ್ಡ ರಕ್ತನಾಳಕ್ಕೆ ಕೊಳವೆ ಹಾಕಿದ್ದರೆ ಡಾಕ್ಟರಿಗೆ ಹೇಳದೆ ಕೊಡಲೇಬೇಡಿ. ಅಂಥವರಲ್ಲಿ ಈ ಬ್ಯಾಕ್ಟೀರಿಯಾ ಅಪರೂಪಕ್ಕೆ ರಕ್ತಕ್ಕೆ ಸೇರಿದ್ದುಂಟು. ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಏರಿದರೆ, ಮೂತ್ರ ಕಡಿಮೆಯಾದರೆ ಓಆರ್‌ಎಸ್ ಕುಡಿಸುತ್ತಾ ಅದೇ ದಿನ ಡಾಕ್ಟರ ಹತ್ತಿರ ಹೋಗಿ.