‘ಹಾಗೇ ಜೋಡಿಸಿ’ ಅಂದರೆ ಹೇಗೆ?

“ಸಂಪಾದಕರಿಗೆ ನಮಸ್ಕಾರ. ‘ಭಾಷೆಯೇ ಬುದ್ಧಿಯ ಅಚ್ಚು’ ಎಂಬ ಲೇಖನ ಕಳಿಸಿದ್ದೇನೆ. ಎಡ-ಬಲ ಎಂಬ ಮಾತಿಲ್ಲದ ಭಾಷೆಯವರು ಎಡ-ಬಲ ಯೋಚಿಸಲಾರರು, ಚೀನಿಯರು ಕಾಲವನ್ನು ಮೇಲಿಂದ ಕೆಳಕ್ಕೆ ಕಾಣುತ್ತಾರೆ ಎಂದು ಪ್ರಯೋಗಗಳೇ ಸಾಬೀತು ಮಾಡಿವೆ. ಪ್ರಕಟಣೆಗೆ ಅಡ್ಡಿ ಏನಾದರೂ ಇದ್ದರೆ ನೇರವಾಗಿ ಹೇಳಿ.”

ನಮಸ್ಕಾರ. ನೇರವಾಗಿಯೇ ಹೇಳುತ್ತೇನೆ: ಈಗಿರುವ ಹಾಗೆ ಇದನ್ನು ಹಾಕಲಾರೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಪ್ರಯೋಗ ಏನು ತೋರಿಸಿತು ಎಂದು ಎಂಟು ಸಲ ಹೇಳಿದ್ದೀರಿ, ಅದನ್ನು ಹೇಗೆ ಮಾಡಿದರು ಎಂದು ಒಂದು ಸಲವೂ ಹೇಳಿಲ್ಲ. ಜಗಳ ಇರುವುದೇ ಅಲ್ಲಿ.

ಮೆಕ್ಸಿಕೋದ ಚಿಯಾಪಾಸ್ ಸೀಮೆಯ ತೆನೆಹಾಪಾ ಊರಿನ ತ್ಸೆಲ್ತಾಲ್ ಭಾಷಿಕರನ್ನೇ ತೆಗೆದುಕೊಳ್ಳಿ. ಗುಡ್ಡದ ಇಳಿಜಾರಿನ ನಾಡು. ದಕ್ಷಿಣಕ್ಕೆ ‘ಏರು’, ಉತ್ತರಕ್ಕೆ ‘ಇಳಿ’. ಎಡಗೈ, ಬಲಗೈಗೆ ಅವರಲ್ಲಿ ಮಾತಿದೆ. ‘ಮರದ ಎಡಕ್ಕೆ’ ಅನ್ನಲು ಮಾತ್ರ ಅದನ್ನು ಬಳಸುವುದಿಲ್ಲ. (ಇದನ್ನೇ ನೀವು ‘ಮಾತೇ ಇಲ್ಲ’ ಎಂದು ಬರೆದಿದ್ದೀರಿ.) ಭಾಷಾ ಸಂಶೋಧಕರಾದ ಪೆನೆಲೊಪಿ ಬ್ರೌನ್, ಸ್ಟೀಫನ್ ಲೆವಿನ್ಸನ್ ಅಲ್ಲಿ ಮಾಡಿದ್ದು ಇಷ್ಟು. ನೀವು ಪಶ್ಚಿಮಕ್ಕೆ ಮುಖ ಮಾಡಿ ಮೇಜಿನ ಮುಂದೆ ನಿಂತಿದ್ದೀರಿ ಅನ್ನಿ. ಮೇಜಿನ ಮೇಲೆ ಆಟಿಕೆ ಪ್ರಾಣಿಗಳ ಸಾಲು, ಎಲ್ಲವೂ ನಿಮ್ಮ ಎಡಕ್ಕೆ, ಅಂದರೆ ದಕ್ಷಿಣಕ್ಕೆ ನೋಡುತ್ತಿವೆ. ನೋಡಿಕೊಂಡಿರಿ. ಸ್ವಲ್ಪ ಹೊತ್ತು ಬಿಟ್ಟು ನಿಮ್ಮನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ಇನ್ನೊಂದು ಮೇಜಿನ ಮುಂದೆ ನಿಲ್ಲಿಸಿ, ‘ಹಾಗೇ ಜೋಡಿಸಿ’ ಅನ್ನುತ್ತಾರೆ. ಹೋಲಿಕೆಗೆಂದು ಇದೇ ಕೆಲಸ ಕೊಟ್ಟ ಡಚ್ಚರು ಹೆಚ್ಚಾಗಿ ಮತ್ತೆ ಎಡಕ್ಕೆ ಮುಖವಿಟ್ಟರು, ಅದು ಈಗ ಉತ್ತರ. ತ್ಸೆಲ್ತಾಲರು ಹೆಚ್ಚಾಗಿ ದಕ್ಷಿಣವನ್ನೇ ಉಳಿಸಿಕೊಂಡರು, ಅದು ಈಗ ಬಲಗಡೆ.

ನಂಬಿಕೆ ಬಾರದೆ ನಮ್ಮ ಕಚೇರಿಯ ಮೇಜಿನ ಮೇಲೆ ಚಹಾ ಲೋಟ, ಗೋಂದಿನ ಡಬ್ಬಿ, ಕತ್ತರಿ ಇಟ್ಟು ನಾನೂ ಮಾಡಿಸಿದೆ. ಕರಡು ತಿದ್ದುವ ನಮ್ಮ ಸಹೋದ್ಯೋಗಿ ತಿರುಗಿ ನಿಂತು, ಕೈಯಲ್ಲಿ ಲೋಟ ಹಿಡಿದು ಕೇಳಿದ್ದು: “ಹಾಗೇ ಅಂದ್ರೆ ಯಾವ್ ಹಾಗೆ ಸಾರ್? ಕಿಟಕಿ ಕಡೆಗಾ, ನನ್ನ ಕಡೆಗಾ?”

ಪೆಗ್ಗಿ ಲೀ ಮತ್ತು ಲೀಲಾ ಗ್ಲೈಟ್‌ಮನ್ 2002ರಲ್ಲಿ ಎತ್ತಿದ ಆಕ್ಷೇಪವೂ ಹೆಚ್ಚುಕಡಿಮೆ ಇದೇ. ಆ ಅಪ್ಪಣೆಗೆ ಎರಡು ಸರಿಯುತ್ತರಗಳಿವೆ. ಅವರು ಅಮೆರಿಕದ ವಿದ್ಯಾರ್ಥಿಗಳ ಮುಂದೆ ಮೇಜಿನ ಮೇಲೆ ಒಂದು ಆಟಿಕೆ ಬಾತುಕೊಳ ಇಟ್ಟರು. ಕೊಳ ಇದ್ದ ಕಡೆಯನ್ನು ಹಿಡಿದು ವಿದ್ಯಾರ್ಥಿಗಳ ಉತ್ತರವೂ ತಿರುಗಿತು. ಭಾಷೆ ಅದೇ ಇಂಗ್ಲಿಷ್. ಲೆವಿನ್ಸನ್ ತಂಡ ಸುಮ್ಮನಿರಲಿಲ್ಲ: ಕೊಳ ಇಟ್ಟ ಮೇಲೆ ಜನ ಅದನ್ನು ನೋಡಿ ಜೋಡಿಸುತ್ತಾರೆ, ಅದು ದಿಕ್ಕಿನ ಲೆಕ್ಕವೇ ಅಲ್ಲ ಎಂದಿತು. ಆ ಮಾತಿನಲ್ಲೂ ಹುರುಳಿದೆ.

ನನಗೆ ನಿರ್ಣಾಯಕ ಅನ್ನಿಸುವುದು 2011ರ ಕೆಲಸ. ಲೀ, ಗ್ಲೈಟ್‌ಮನ್ ಮತ್ತು ಸಂಗಡಿಗರು ತೆನೆಹಾಪಾದವರಿಗೇ ಒಂದೇ ಸರಿಯುತ್ತರ ಇರುವ ಕೆಲಸಗಳನ್ನು ಕೊಟ್ಟರು. ಕೆಲವಕ್ಕೆ ದಿಕ್ಕು ನೆನಪಿಡಬೇಕು, ಕೆಲವಕ್ಕೆ ತಮ್ಮ ಮೈಯ ಎಡ-ಬಲ ನೆನಪಿಡಬೇಕು. ಎರಡನೆಯದನ್ನೂ ಅವರು ಮೊದಲನೆಯದರಷ್ಟೇ, ಕೆಲವೆಡೆ ಅದಕ್ಕಿಂತ ಚೆನ್ನಾಗಿ, ಮಾಡಿದರು. ಅಲ್ಲಿಗೆ ನಿಮ್ಮ ‘ಯೋಚಿಸಲಾರರು’ ಬಿತ್ತು. ಅಪ್ಪಣೆ ಎರಡರ್ಥಕ್ಕೆ ತೆರೆದಿದ್ದಾಗ ಯಾವ ಅರ್ಥದ ಕಡೆ ವಾಲುತ್ತಾರೆ ಎಂಬುದರಲ್ಲಿ ವ್ಯತ್ಯಾಸ ಇದೆ, ಅದನ್ನು ಬರೆಯಿರಿ.

ಆ ವಾಲುವಿಕೆಗೂ ಭಾಷೆಯೇ ಕಾರಣ ಎಂದು ಅವಸರಪಡಬೇಡಿ. ಎರಿಕ್ ಪೆಡರ್ಸನ್ ನಮ್ಮ ಪಕ್ಕದ ತಮಿಳುನಾಡಿನಲ್ಲೇ ನೋಡಿದ್ದಾರೆ: ಹಳ್ಳಿಯ ತಮಿಳರು ದಿಕ್ಕು ಹಿಡಿದು ಮಾತಾಡುತ್ತಾರೆ, ಪಟ್ಟಣದವರು ಎಡ-ಬಲ ಹಿಡಿದು. ಮಾತಿನ ರೂಢಿ ಬೇರೆ ಎಂದು ಒಬ್ಬರು ಅನ್ನಬಹುದು, ಬದುಕುವ ಜಾಗ ಬೇರೆ ಎಂದು ಇನ್ನೊಬ್ಬರು. ಎರಡೂ ಒಟ್ಟಿಗೇ ಬದಲಾಗಿರುವಾಗ ಒಂದನ್ನು ಬೇರೆ ಮಾಡಿ ತೋರಿಸುವುದು ಕಷ್ಟ.

ಚೀನೀ ಭಾಷೆಯ ಕಾಲದ ಭಾಗ ಇನ್ನೂ ಸಡಿಲ. ಕಳೆದ ತಿಂಗಳಿಗೆ ‘ಮೇಲಿನ ತಿಂಗಳು’, ಬರುವುದಕ್ಕೆ ‘ಕೆಳಗಿನ ತಿಂಗಳು’ ಅನ್ನುತ್ತಾರೆ, ನಿಜ. ಲೇರಾ ಬೊರೊಡಿಟ್ಸ್ಕಿ 2001ರಲ್ಲಿ, ಮೇಲೆ-ಕೆಳಗೆ ಇರುವ ಚಿತ್ರ ನೋಡಿದ ಮೇಲೆ ‘ಏಪ್ರಿಲ್‌ಗಿಂತ ಮಾರ್ಚ್ ಮೊದಲು’ ಎಂಬಂಥ ವಾಕ್ಯಕ್ಕೆ ಚೀನೀ ಮಾತಿನವರು ಬೇಗ ಉತ್ತರಿಸುತ್ತಾರೆ ಎಂದರು. ನೀವು ಅಲ್ಲಿಗೇ ನಿಂತಿರಿ. 2007ರಲ್ಲಿ ಜಾನ್ಯುವರಿ ಮತ್ತು ಕಾಕೊ ಆರು ಸಲ ಪ್ರಯತ್ನಿಸಿದರೂ ಆ ಕೆಲಸದಲ್ಲಿ ಹೋಲಿಕೆಗೆ ಇದ್ದ ಇಂಗ್ಲಿಷ್ ಮಾತಿನವರ ಫಲಿತಾಂಶ ಮರಳಿ ಸಿಗಲಿಲ್ಲ. ಅದೇ ವರ್ಷ ಚೆನ್ ಎಂಬವರಿಗೂ ಸಿಗಲಿಲ್ಲ. ಬೊರೊಡಿಟ್ಸ್ಕಿ ಆಮೇಲೆ ವಿಧಾನ ಬದಲಿಸಿ 2011ರಲ್ಲಿ ಮತ್ತೆ ಪುರಾವೆ ಕೊಟ್ಟಿದ್ದಾರೆ. ಎರಡನ್ನೂ ಸೇರಿಸಿ, ಇಲ್ಲವೇ ಎರಡನ್ನೂ ಬಿಡಿ.

ಇನ್ನೊಂದು. ಹಿಂದಿಯಲ್ಲಿ ನಿನ್ನೆಗೂ ನಾಳೆಗೂ ‘ಕಲ್’ ಒಂದೇ. ಹಾಗಂತ ನಿನ್ನೆಯ ರೈಲು ಹತ್ತಲು ನಾಳೆ ಹೋಗುವವರನ್ನು ನಾನಂತೂ ಕಂಡಿಲ್ಲ. ನಿಮ್ಮ ವಾದ ಈ ಒಂದು ಪದವನ್ನು ದಾಟುತ್ತದೆಯೇ, ಬರೆದು ನೋಡಿ.

ಕೊನೆಯ ಪುಟದ ಹೋಪಿ ಪ್ಯಾರಾ ಪೂರ್ತಿ ತೆಗೆಯಿರಿ. ಅಮೆರಿಕದ ಮೂಲನಿವಾಸಿಗಳಾದ ಹೋಪಿ ಜನರ ಭಾಷೆಯಲ್ಲಿ ಕಾಲವಾಚಕಗಳೇ ಇಲ್ಲ ಎಂಬುದನ್ನು ಭಾಷಾವಿಜ್ಞಾನಿ ಮಾಲೋಟ್ಕಿ 1983ರಲ್ಲೇ ದಪ್ಪ ಪುಸ್ತಕ ಬರೆದು ಅಲ್ಲಗಳೆದಿದ್ದಾರೆ. ಉಳಿದದ್ದನ್ನು ಆ ಎರಡು ಮೇಜುಗಳಿಂದ ಶುರುಮಾಡಿ ಮತ್ತೆ ಕಳಿಸಿ. ಶೀರ್ಷಿಕೆ ನಾನೇ ಬದಲಿಸುತ್ತೇನೆ.