ನಿನ್ನೆಯ ಜೊತೆಗಾರರಿಗೆ ಇಂದು ಮೇಲ್ವಿಚಾರಕನಾದಾಗ

“ನಾಲ್ಕು ವರ್ಷ ಒಟ್ಟಿಗೆ ದುಡಿದ ತಂಡಕ್ಕೆ ನನ್ನನ್ನೇ ಮುಖ್ಯಸ್ಥನನ್ನಾಗಿ ಮಾಡಿದ್ದಾರೆ. ಅವರಲ್ಲಿ ಇಬ್ಬರು ನನಗಿಂತ ಬಲ್ಲವರು. ಯೋಗ್ಯತೆಯಿಲ್ಲದೆ ಈ ಕುರ್ಚಿಯಲ್ಲಿ ಕೂತಿದ್ದೇನೆ, ಇಂದಲ್ಲ ನಾಳೆ ಸಿಕ್ಕಿಬೀಳುತ್ತೇನೆ ಎಂಬ ಭಯ ಬಿಡುತ್ತಿಲ್ಲ. ಏನು ಮಾಡಲಿ?”

ಭಯವನ್ನು ಓಡಿಸುವ ಉಪಾಯ ನನಗೆ ಸಿಕ್ಕಿಲ್ಲ. ಆದರೆ ಆ ಭಯ ನಮ್ಮಿಂದ ಏನು ಮಾಡಿಸುತ್ತದೆ ಎಂಬುದನ್ನು ನೋಡಿದ್ದೇನೆ, ಅದನ್ನು ನಿಲ್ಲಿಸಲು ಸಾಧ್ಯವಿದೆ.

ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಬೇರ್ಪಡಿಸುವ, ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಸ್ಯಾಂಪಲ್ ವಿಭಾಗದಲ್ಲಿ ಆರು ವರ್ಷ ದುಡಿದ ಮೇಲೆ, ಒಂದು ನವೆಂಬರ್‌ನಲ್ಲಿ ನನ್ನನ್ನು ಅದೇ ವಿಭಾಗದ ಮೇಲ್ವಿಚಾರಕನನ್ನಾಗಿ ಮಾಡಿದರು. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರು ಅಲ್ಲೇ ಇದ್ದರು. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಅದುವರೆಗೆ ‘ಏ, ಬಾರೋ ಇಲ್ಲಿ’ ಎನ್ನುತ್ತಿದ್ದವರು ಆದೇಶ ಬಂದ ಮರುದಿನ ‘ಹೇಳಿ ಸಾರ್’ ಎಂದರು. ಅದು ತಮಾಷೆಯೋ ಚುಚ್ಚುಮಾತೋ ತಿಳಿಯದೆ ನಾನು ನಕ್ಕು ಸುಮ್ಮನಾದೆ. ಹಾಗೆ ಸುಮ್ಮನಾದದ್ದೇ ಮುಂದಿನದಕ್ಕೆಲ್ಲ ಮೊದಲಾಯಿತು.

ಜನವರಿಯಲ್ಲಿ ರೋಬಸ್ಟಾ ಚೆರಿಯ, ಅಂದರೆ ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣಿನ, ಲೋಡುಗಳು ರಾತ್ರಿಯವರೆಗೂ ಬರುತ್ತವೆ. ಒಣಗಿದ ಚೆರಿಯ ತೇವಾಂಶ ಶೇ. 11ರ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ಹಸಿಯಿದ್ದರೆ ಬೀಜದ ತೂಕ ಹೆಚ್ಚು ತೋರಿ ಔಟ್‌ಟರ್ನ್, ಅಂದರೆ ಇಷ್ಟು ಚೆರಿಗೆ ಇಷ್ಟು ಬೀಜ ಎಂಬ ಲೆಕ್ಕ, ತಪ್ಪುತ್ತದೆ. 50 ಕಿಲೋ ಚೆರಿಗೆ 26 ಕಿಲೋ ಬೀಜವೆಂದು ಬರೆದದ್ದು ಒಣಗಿದ ಮೇಲೆ ಅಷ್ಟು ನಿಲ್ಲುವುದಿಲ್ಲ. ಒಂದು ಸಂಜೆ ಅಣ್ಣ 11 ಎಂದು ಬರೆದಿದ್ದ ಲೋಡನ್ನು ನಾನು ಮತ್ತೆ ನೋಡಿದರೆ ಮೀಟರ್ 12.8 ತೋರಿಸಿತು. ಅವಸರದಲ್ಲಿ ಅವರು ಚೀಲಗಳ ಬಾಯಿಯಿಂದಷ್ಟೇ ಸ್ಯಾಂಪಲ್ ತೆಗೆದಿದ್ದರು, ಅಡಿಯ ಕಾಯಿ ಹಸಿಯಾಗಿತ್ತು. ನನಗೆ ಸ್ಯಾಂಪಲ್ ತೆಗೆಯಲು ಕಲಿಸಿದವರಿಗೆ ಇದನ್ನು ಹೇಳಲು ನಾನ್ಯಾರು ಎನ್ನಿಸಿ, ಅವರು ಮನೆಗೆ ಹೋದ ಮೇಲೆ ನಾನೇ ಅಳೆದು ರಿಜಿಸ್ಟರ್ ತಿದ್ದಿದೆ. ಮೂರು ವಾರ ಹೀಗೇ ನಡೆಯಿತು. ಎಲ್ಲರ ಕೆಲಸವನ್ನೂ ಎರಡನೆಯ ಸಲ ಮಾಡುತ್ತ ರಾತ್ರಿ ಹತ್ತಕ್ಕೆ ಮನೆ ಸೇರುತ್ತಿದ್ದ ನಾನು, ಇಷ್ಟು ಒದ್ದಾಡಿದರೆ ಮಾತ್ರ ಕೆಲಸ ಸಾಗುತ್ತದೆ ಎಂಬುದನ್ನೇ ನನ್ನ ಅಯೋಗ್ಯತೆಗೆ ಸಾಕ್ಷಿ ಮಾಡಿಕೊಂಡಿದ್ದೆ.

ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ಎಂಬ ಮನಶ್ಶಾಸ್ತ್ರಜ್ಞೆಯರು 1978ರಲ್ಲಿ ಈ ಭಾವನೆಗೆ ‘ಇಂಪೋಸ್ಟರ್ ಫಿನಾಮಿನನ್’ ಎಂದು ಹೆಸರಿಟ್ಟಾಗ ಅದನ್ನು ಕಾಯಿಲೆ ಎನ್ನಲಿಲ್ಲ. ಇದಕ್ಕೊಳಗಾದವರು ಅತಿಯಾಗಿ ತಯಾರಿ ಮಾಡುತ್ತಾರೆ, ಕೆಲಸ ಗೆದ್ದರೆ ಅದನ್ನು ತಮ್ಮ ಸಾಮರ್ಥ್ಯಕ್ಕಲ್ಲ, ಆ ಒದ್ದಾಟಕ್ಕೋ ಅದೃಷ್ಟಕ್ಕೋ ಜಮಾ ಮಾಡುತ್ತಾರೆ. ಜೊತೆಗಾರರ ಮೇಲ್ವಿಚಾರಕನಾದವನಲ್ಲಿ ಆ ಅತಿ ತಯಾರಿ ಬೇರೆಯವರ ಕೆಲಸವನ್ನು ಗುಟ್ಟಾಗಿ ತಾನೇ ಮಾಡುವ ರೂಪದಲ್ಲಿ ಬರುತ್ತದೆ ಎಂಬುದು ನನ್ನ ಅನುಭವ.

ಮದುವೆಯೊಂದಕ್ಕೆಂದು ನಾನು ಎರಡು ದಿನ ರಜೆ ಹಾಕಿದಾಗ ಹಸಿ ಲೋಡೊಂದು ಒಣಗಿದ್ದರ ಜೊತೆ ಸೇರಿಹೋಯಿತು, ಬೆಳೆಗಾರರ ಜೊತೆ ಔಟ್‌ಟರ್ನ್ ತಕರಾರಾಯಿತು. ಹಳೆಯ ಪುಟಗಳನ್ನು ತೆಗೆಸಿದಾಗ ನನ್ನ ತಿದ್ದುಪಡಿಗಳು ಅಣ್ಣನ ಕಣ್ಣಿಗೆ ಬಿದ್ದವು. ‘ಮೂರು ವಾರದಿಂದ ತಿದ್ದುತ್ತಾ ಇದ್ದೀಯ, ನನಗೊಂದು ಮಾತು ಹೇಳಬಾರದಿತ್ತಾ?’ ಎಂದರು. ಅವತ್ತು ಸಾರ್ ಎನ್ನಲಿಲ್ಲ.

ಆ ಸಂಜೆ ನಾನು ಎರಡು ತಿಂಗಳ ಹಿಂದೆಯೇ ಆಡಬೇಕಿದ್ದ ಮಾತನ್ನು ಆಡಿದೆ. ಈ ಹುದ್ದೆ ನಿಮಗೆ ಬರಬೇಕಿತ್ತು ಎಂದು ನಿಮಗೆ ಅನ್ನಿಸಿದ್ದರೆ ತಪ್ಪಲ್ಲ. ಸ್ಯಾಂಪಲ್ ಹೇಗೆ ತೆಗೆಯಬೇಕು ಎಂಬುದರಲ್ಲಿ ನಿಮ್ಮದೇ ಕೊನೆಯ ಮಾತು. ರಜೆ, ರಿಜಿಸ್ಟರ್, ಆಫೀಸಿಗೆ ಉತ್ತರ ಕೊಡುವುದು ನನ್ನದು ಎಂದೆ. ಅವರು ಮರುದಿನವೇ ಪ್ರತಿ ಲೋಡಿನಲ್ಲಿ ಹಲವು ಚೀಲಗಳ ಅಡಿಯಿಂದಲೂ ಕಾಯಿ ತೆಗೆದು, ಬೆರೆಸಿ, ಮೂರು ಸಲ ಅಳೆಯುವ ಕ್ರಮವನ್ನು ಎಲ್ಲರಿಗೂ ಹೇಳಿಕೊಟ್ಟರು. ನಾನು ಹೇಳಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿದ್ದ ಕೆಲಸವದು.

ಹಾಗಾಗಿ ನಿಮಗಿಂತ ಬಲ್ಲ ಆ ಇಬ್ಬರನ್ನು ಮೀರಿಸುವ ಯತ್ನ ಬೇಡ. ಹಳೆಯ ಕೆಲಸದ ಅಳತೆಗೋಲಿನಲ್ಲಿ ಹೊಸ ಕೆಲಸವನ್ನು ಅಳೆಯುವುದರಿಂದಲೇ ನಾವು ಸೋತಂತೆ ಕಾಣುತ್ತೇವೆ. ಭಯವಾದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಅದರಲ್ಲಿ ಹೊಸ ಹುದ್ದೆಗೆ ನಿಜವಾಗಿ ಬೇಕಾದುದು ಯಾವುದೆಂದು ಗುರುತು ಹಾಕಿ. ನನ್ನ ಹಾಳೆಯಲ್ಲಿ ಉಳಿದದ್ದು ಎರಡೇ: ಮುಖಕ್ಕೆ ಮುಖ ಕೊಟ್ಟು ತಪ್ಪು ಹೇಳಲು ಬರುವುದಿಲ್ಲ, ರಜೆ ನಿರಾಕರಿಸಲು ಬರುವುದಿಲ್ಲ. ಎರಡೂ ಕಲಿಯಬಹುದಾದ ಕೆಲಸಗಳು. ಆದರೆ ಯಾರಾದರೂ ಬೇಕೆಂದೇ ನಿಮ್ಮ ಮಾತು ಮುರಿಯುತ್ತಿದ್ದರೆ ಅದನ್ನು ನಿಮ್ಮ ಮನಸ್ಸಿನ ಭ್ರಮೆ ಎಂದುಕೊಳ್ಳಬೇಡಿ; ಅದನ್ನು ಅವರೊಡನೆಯೇ ಇತ್ಯರ್ಥ ಮಾಡಿಕೊಳ್ಳಬೇಕು.

ಮೊದಲ ವರ್ಷ ಹುತ್ತರಿಗೆ ಕೇಳಿದವರಿಗೆಲ್ಲ ರಜೆ ಕೊಟ್ಟು ನಾನೊಬ್ಬನೇ ತಕ್ಕಡಿ ಮುಂದೆ ನಿಂತಿದ್ದೆ. ಮರುವರ್ಷ ಪಟ್ಟಿ ಮಾಡಿ, ಹಿಂದಿನ ಸಲ ಹೋದವರು ಈ ಸಲ ಕೆಲಸಕ್ಕೆ ಎಂದು ಬರೆದು ಗೋಡೆಗೆ ಅಂಟಿಸಿದೆ. ಅಣ್ಣನ ಹೆಸರು ಕೆಲಸದವರ ಪಟ್ಟಿಯಲ್ಲಿತ್ತು. ಅವರು ಅದನ್ನು ಓದಿ, ಏನೂ ಹೇಳದೆ ಮೀಟರ್ ತೆಗೆದುಕೊಂಡು ಲಾರಿಯ ಕಡೆಗೆ ನಡೆದರು. ಅವತ್ತೂ ನನ್ನ ಎದೆ ಡವಗುಟ್ಟುತ್ತಲೇ ಇತ್ತು.