ಆ ಏರುಪೇರು ಪ್ರಯೋಗದ ತಪ್ಪಲ್ಲ

“ನಮಸ್ಕಾರ ಮೇಡಂ. ಲ್ಯಾಬ್‌ನಲ್ಲಿ ನಾವೇ ತೆಗೆದ HCl ಅನಿಲದ ಅವಕೆಂಪು ರೋಹಿತದ ಬಗ್ಗೆ ಲೇಖನ ಬರೆದು ಕಳಿಸಿದ್ದೇನೆ. ಇದು ನನ್ನ ಮೊದಲ ಬರಹ. ಎಲ್ಲಿ ತಿದ್ದಬೇಕು ಅಂತ ಮುಚ್ಚುಮರೆ ಇಲ್ಲದೆ ತಿಳಿಸಿ.”

ನಮಸ್ಕಾರ. ಭಾಷೆ ಸರಾಗವಾಗಿದೆ. ಪ್ರತಿ ಗೆರೆಯ ಪಕ್ಕದಲ್ಲೂ ಒಂದು ಸಣ್ಣ ಗೆರೆ ಇರುವುದನ್ನು ಗಮನಿಸಿ, ಅದಕ್ಕೆ ಕ್ಲೋರಿನ್ 37 ಕಾರಣ ಎಂದು ಹೇಳಿದ್ದೀರಿ. ಅದೂ ಸರಿಯಾಗಿದೆ. ಮುನ್ನುಡಿ, ಇತಿಹಾಸ, ಉಪಯೋಗಗಳ ಬಗ್ಗೆ ನಾನೇನೂ ಹೇಳುವುದಿಲ್ಲ. ನನ್ನ ತಕರಾರೆಲ್ಲ ನಿಮ್ಮ ನಾಲ್ಕನೇ ಪುಟದ ಬಗ್ಗೆ. ಅಲ್ಲಿರುವ ಒಂದು ವಾಕ್ಯ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು.

ಸಾಲು ಸಾಲಾಗಿ ನೋಡೋಣ.

“ಗಟ್ಟಿ ಕೋಲಿನ ತುದಿಗಳಲ್ಲಿ ಎರಡು ಗುಂಡು ಎಂದುಕೊಂಡರೆ, ಗೆರೆಗಳ ನಡುವಿನ ಅಂತರ ಎಲ್ಲ ಕಡೆ 2B ಇರುತ್ತದೆ.” B ಎಂದರೆ ಅಣುವಿನ ತಿರುಗಾಟದ ಸ್ಥಿರಾಂಕ, ಬಂಧ ಉದ್ದವಾದಷ್ಟೂ ಅದು ಕಡಿಮೆ ಎಂದು ಮೊದಲೇ ಹೇಳಿಬಿಡಿ. ಮಾದರಿಯ ಪ್ರಕಾರ ಇದು ಹೆಚ್ಚುಕಮ್ಮಿ ಸರಿ. ಮಧ್ಯದಲ್ಲಿ ಮಾತ್ರ ಅಂತರ 4B. ತಿರುಗಾಟ ಬದಲಾಗದೆ ಕಂಪನವಷ್ಟೇ ಬದಲಾಗುವ ಗೆರೆ HCl ಅಣುವಿಗೆ ಇಲ್ಲ, ಹಾಗಾಗಿ 2886 cm⁻¹ ಹತ್ತಿರ ಜಾಗ ಖಾಲಿ. ನಿಮ್ಮ ಚಿತ್ರದಲ್ಲಿ ಅದು ಕಾಣುತ್ತದೆ, ವಾಕ್ಯದಲ್ಲಿ ಇಲ್ಲ. ಸೇರಿಸಿ.

“ನಮ್ಮ ಅಳತೆಯಲ್ಲಿ ಅಂತರಗಳು ಸ್ವಲ್ಪ ಏರುಪೇರಾಗಿವೆ. ಇದು ಪ್ರಯೋಗದ ದೋಷ. ಆದ್ದರಿಂದ ಸರಾಸರಿ ತೆಗೆದುಕೊಂಡೆವು.”

ಇದೇ ಆ ವಾಕ್ಯ. ನೀವೇ ಕೊಟ್ಟ ಪಟ್ಟಿಯನ್ನು ಒಮ್ಮೆ ನೋಡಿ. ಅಳತೆ ಎಲ್ಲ cm⁻¹ನಲ್ಲಿ. ಮಧ್ಯದಿಂದ ಮೇಲಕ್ಕೆ ಹೋಗುವ R ಸಾಲಿನಲ್ಲಿ 2906.2, 2925.9, 2944.9, 2963.3. ಅಂತರಗಳು 19.7, 19.0, 18.4. ಕೆಳಕ್ಕೆ ಹೋಗುವ P ಸಾಲಿನಲ್ಲಿ 2865.1, 2843.6, 2821.6, 2798.9. ಅಂತರಗಳು 21.5, 22.0, 22.7. ಒಂದು ಕಡೆ ಬಿಡದೆ ಕಡಿಮೆಯಾಗುತ್ತಾ ಹೋಗಿದೆ, ಇನ್ನೊಂದು ಕಡೆ ಬಿಡದೆ ಜಾಸ್ತಿಯಾಗುತ್ತಾ ಹೋಗಿದೆ. ಅಳೆಯುವಾಗ ಆಗುವ ತಪ್ಪು ಇಷ್ಟು ಶಿಸ್ತಾಗಿ ಇರುತ್ತದೆಯೇ? ಅದು ಒಮ್ಮೆ ಮೇಲೆ, ಒಮ್ಮೆ ಕೆಳಗೆ, ಮನಸ್ಸಿಗೆ ಬಂದಂತೆ ಬೀಳಬೇಕು. ನಿಮ್ಮ ಉಪಕರಣ ತಪ್ಪು ಹೇಳಿಲ್ಲ. ಅಣು ಹೇಳಿದ್ದನ್ನು ನೀವು ಸರಾಸರಿ ಮಾಡಿ ಅಳಿಸಿಬಿಟ್ಟಿದ್ದೀರಿ. ಆರು ಅಂತರಗಳ ಸರಾಸರಿ 20.55, ಅದರಿಂದ B 10.28, ಬಂಧದ ಉದ್ದ 1.29 ಆಂಗ್‌ಸ್ಟ್ರಾಮ್. ಈ ಉದ್ದ ಅಣುವಿನ ಯಾವ ಸ್ಥಿತಿಗೆ ಸೇರಿದ್ದು? ಯಾವುದಕ್ಕೂ ಅಲ್ಲ.

ನನಗೂ ಇದೇ ಆಗಿತ್ತು, ಅದಕ್ಕೇ ಇಷ್ಟು ಕೋಪ. ಕಲಿಯುವ ದಿನಗಳಲ್ಲಿ ಇದೇ ಅಣುವಿನ ಗೆರೆಗಳನ್ನು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು, ಮಧ್ಯೆ ಸ್ಕೇಲ್ ಹಿಡಿದು ನೇರ ಗೆರೆ ಎಳೆದಿದ್ದೆ. ಎಷ್ಟು ಚೆಂದ ಕೂತಿದೆ ಅಂತ ಖುಷಿಯಿಂದ ನಮ್ಮ ಮೇಷ್ಟ್ರಿಗೆ ತೋರಿಸಿದೆ. ಅವರು ಏನೂ ಹೇಳಲಿಲ್ಲ. ಹಾಳೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಡಗಿ ಹಲಗೆಯ ಡೊಂಕು ನೋಡುವ ಹಾಗೆ ಅಂಚಿನಿಂದ ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟರು. ಹಾಗೆ ನೋಡಿದರೆ ಚುಕ್ಕಿಗಳ ಸಾಲು ಬಿಲ್ಲಿನಂತೆ ಬಾಗಿತ್ತು. ನಾನು ಎಳೆದ ಗೆರೆ ಅದನ್ನು ಎರಡು ಕಡೆ ಕತ್ತರಿಸಿತ್ತು. ಆವತ್ತು ರಾತ್ರಿ ಇಡೀ ಲೆಕ್ಕ ಮತ್ತೆ ಮಾಡಿದೆ.

ಆ ಲೆಕ್ಕ ನಿಮ್ಮ ಅಂಕಿಗಳಿಗೇ ಮಾಡಿ ತೋರಿಸುತ್ತೇನೆ. ಕಂಪನದ ಕೆಳಗಿನ ಮಟ್ಟದಲ್ಲಿ ತಿರುಗುವಾಗ ಅಣುವಿಗೆ ಇರುವುದು B₀, ಮೇಲಿನ ಮಟ್ಟದಲ್ಲಿ B₁. ಎರಡೂ ಒಂದೇ ಎಂದು ನೀವು ಮೊದಲೇ ಒಪ್ಪಿಕೊಂಡಿದ್ದೀರಿ. ಒಪ್ಪಬೇಡಿ, ಬೇರೆ ಬೇರೆಯಾಗಿ ಅಳೆಯಿರಿ. R ಸಾಲಿನ ಮೊದಲ ಗೆರೆ, P ಸಾಲಿನ ಎರಡನೇ ಗೆರೆ ಇವೆರಡೂ ಮೇಲೆ ಒಂದೇ ಮೆಟ್ಟಿಲಿಗೆ ಹೋಗಿ ಮುಟ್ಟುತ್ತವೆ. ಒಂದರಿಂದ ಒಂದನ್ನು ಕಳೆದರೆ ಮೇಲಿನ ಮಟ್ಟದ ವಿಷಯವೆಲ್ಲ ಹೊರಟುಹೋಗಿ, ಕೆಳಗಿನದ್ದು ಮಾತ್ರ ಉಳಿಯುತ್ತದೆ:

2906.2 − 2843.6 = 62.6 = 6B₀

ಅಂದರೆ B₀ 10.43. ಹಾಗೆಯೇ R ಸಾಲಿನ ಎರಡನೇ ಗೆರೆ, P ಸಾಲಿನ ಮೊದಲ ಗೆರೆ ಕೆಳಗೆ ಒಂದೇ ಮೆಟ್ಟಿಲಿನಿಂದ ಹೊರಡುತ್ತವೆ:

2925.9 − 2865.1 = 60.8 = 6B₁

B₁ 10.13. ವ್ಯತ್ಯಾಸ 0.30. ಉದ್ದಕ್ಕೆ ತಿರುಗಿಸಿದರೆ ಕೆಳಗಿನ ಮಟ್ಟದಲ್ಲಿ 1.284, ಮೇಲಿನ ಮಟ್ಟದಲ್ಲಿ 1.303 ಆಂಗ್‌ಸ್ಟ್ರಾಮ್. ಕಂಪನ ಒಂದು ಮೆಟ್ಟಿಲು ಏರಿದ್ದಕ್ಕೆ ಬಂಧ ಇಷ್ಟು ಉದ್ದವಾಗಿದೆ. ನಿಮ್ಮ 1.29 ಇವೆರಡರ ನಡುವೆ ಎಲ್ಲೋ ತೇಲುತ್ತಿದೆ. ಇನ್ನೊಂದು ಲಾಭ ನೋಡಿ. ಕೆಳಗಿನ ಮಟ್ಟದಲ್ಲೂ ಅಣುವಿಗೆ ಅರ್ಧ ಮೆಟ್ಟಿಲಿನಷ್ಟು ಕಂಪನ ಇದ್ದೇ ಇರುತ್ತದೆ. ಅದನ್ನೂ ತೆಗೆದುಹಾಕಲು 10.43ಕ್ಕೆ 0.30ರ ಅರ್ಧ ಸೇರಿಸಿ. 10.58 ಬರುತ್ತದೆ, ಉದ್ದ 1.275. ಕಂಪನವೇ ಇಲ್ಲದ ಅಣುವಿನ ಉದ್ದ ಅದು.

ಈಗ ಇನ್ನೊಂದು ವಾಕ್ಯ. “ಸ್ಪ್ರಿಂಗ್ ಹಿಗ್ಗಿದಷ್ಟೇ ಕುಗ್ಗುವುದರಿಂದ ಸರಾಸರಿ ಉದ್ದ ಬದಲಾಗುವುದಿಲ್ಲ. ಆದ್ದರಿಂದ ಕಂಪನದಿಂದ ತಿರುಗಾಟಕ್ಕೆ ಯಾವ ಪರಿಣಾಮವೂ ಇಲ್ಲ.” ಸಮವಾದ ಸ್ಪ್ರಿಂಗ್‌ನ ಮಟ್ಟಿಗೆ ಮೊದಲರ್ಧ ಸರಿ, ಎರಡನೆಯರ್ಧ ಅದರಿಂದ ಬರುವುದಿಲ್ಲ. ಅಣು ನಿಧಾನವಾಗಿ ತಿರುಗುತ್ತದೆ. ಮೊದಲ ಮೆಟ್ಟಿಲಿನಲ್ಲಿ ಅದು ಒಂದು ಸುತ್ತು ಮುಗಿಸುವಷ್ಟರಲ್ಲಿ ನೂರರ ಹತ್ತಿರ ಸಲ ಹಿಗ್ಗಿ ಕುಗ್ಗಿರುತ್ತದೆ. ಹಾಗಾಗಿ ತಿರುಗಾಟಕ್ಕೆ ಸಿಗುವುದು ಸರಾಸರಿಯೇ ನಿಜ. ಆದರೆ ಉದ್ದದ ಸರಾಸರಿ ಅಲ್ಲ, 1/r² ಎಂಬುದರ ಸರಾಸರಿ. r ಎಂದರೆ ಬಂಧದ ಉದ್ದ, 1/r² ಹೆಚ್ಚಿದಂತೆ B ಕೂಡ ಹೆಚ್ಚುತ್ತದೆ. ಉದ್ದ 1.27 ಇದ್ದರೆ 1/r² ಎಂದರೆ 0.620. ಅದನ್ನು 0.1ರಷ್ಟು ಹಿಗ್ಗಿಸಿದರೆ 0.533, ಅಷ್ಟೇ ಕುಗ್ಗಿಸಿದರೆ 0.731. ಈ ಎರಡರ ಸರಾಸರಿ 0.632, ಜಾಸ್ತಿಯೇ ಆಯಿತು, ಅಲ್ವಾ? ಅಂದರೆ ನಿಮ್ಮ ಸ್ಪ್ರಿಂಗ್ ಎರಡೂ ಕಡೆ ಸಮವಾಗಿ ಆಡುವಂಥದ್ದಾಗಿದ್ದರೆ ಮೇಲಿನ ಮಟ್ಟದಲ್ಲಿ B ಹೆಚ್ಚಬೇಕಿತ್ತು. ನಿಮ್ಮ ಪಟ್ಟಿಯಲ್ಲಿ ಅದು ಕಡಿಮೆಯಾಗಿದೆ!

ನನಗೆ ಈ ಲೇಖನದಲ್ಲಿ ತುಂಬಾ ಬೇಕಾಗಿದ್ದದ್ದು ಇದೇ, ನೀವು ಅದರ ಪಕ್ಕದಲ್ಲೇ ನಡೆದುಹೋಗಿದ್ದೀರಿ. B ಕಡಿಮೆಯಾಗಬೇಕಾದರೆ ಕುಗ್ಗಿಸುವುದು ಕಷ್ಟ, ಹಿಗ್ಗಿಸುವುದು ಸುಲಭ ಎನ್ನುವಂಥ ಬಂಧ ಇರಬೇಕು. ಹೆಚ್ಚು ಕಂಪಿಸಿದಷ್ಟೂ ಅದು ಹಿಗ್ಗಿದ ಕಡೆಗೇ ಹೆಚ್ಚು ಹೊತ್ತು ಕಳೆಯುತ್ತದೆ. 1/r² ತರುವ ಏರಿಕೆಯನ್ನು ಇದು ಮೀರಿಸುತ್ತದೆ. ಸುಮ್ನೆ ನನ್ನ ಮಾತು ನಂಬಬೇಡಿ, ಬೇರೆ ಸಾಕ್ಷಿಯೂ ಇದೆ. ಕಂಪನ ಒಂದೇ ಸಲಕ್ಕೆ ಎರಡು ಮೆಟ್ಟಿಲು ಏರುವ ಮಂದವಾದ ಗೆರೆಗಳ ಗುಂಪೊಂದು ರೋಹಿತದಲ್ಲಿದೆ. ಸಮವಾದ ಸ್ಪ್ರಿಂಗ್‌ನ ಮೆಟ್ಟಿಲುಗಳ ಲೆಕ್ಕದಲ್ಲಿ ಅದು 2886ರ ಎರಡರಷ್ಟು, ಅಂದರೆ 5772ರಲ್ಲಿ ಬರಬೇಕು. ಬರುವುದು 5668ರಲ್ಲಿ. ಹಿಗ್ಗಿದಂತೆ ಸ್ಪ್ರಿಂಗ್ ಸಡಿಲವಾಗುತ್ತಿದೆ, ಮೆಟ್ಟಿಲುಗಳು ಹತ್ತಿರವಾಗುತ್ತಿವೆ.

ಗಟ್ಟಿ ಕೋಲು, ಸ್ಪ್ರಿಂಗ್ ಎಂಬ ಮಾದರಿಯನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಗೆರೆಗಳು ಎಲ್ಲಿ ಬರುತ್ತವೆ ಎಂದು ಮೊದಲು ಹೇಳುವುದು ಅದೇ. ಆದರೆ ಅದು ತಪ್ಪುವ ಕಡೆ ‘ಪ್ರಯೋಗದ ದೋಷ’ ಅಂತ ಬರೆದು ಪುಟ ತಿರುಗಿಸಬೇಡಿ. ನಾಲ್ಕನೇ ಪುಟವನ್ನು ಹೊಸದಾಗಿ ಬರೆಯಿರಿ. ಸರಾಸರಿಯನ್ನು ಕೈಬಿಡಿ, ಎಂಟು ಗೆರೆಗಳ ಪಟ್ಟಿಯನ್ನು ಹಾಗೇ ಇಡಿ, ಎರಡು ಕಳೆಯುವ ಲೆಕ್ಕಗಳನ್ನು ಅದರ ಕೆಳಗೆ ಹಾಕಿ. ಉಪಯೋಗಗಳ ಪುಟ ಬೇಕಿಲ್ಲ, ಜಾಗ ಉಳಿಯುತ್ತದೆ. ಮುಂದಿನ ಪ್ರತಿಯ ಜೊತೆ ನಿಮ್ಮ ಮೂಲ ಗ್ರಾಫನ್ನೂ ಕಳಿಸಿ. ಅಂಚಿನಿಂದ ನೋಡಬೇಕು.